ಹದಿನೆಂಟರ ಮೀಟರು

ಬೆಳಿಗ್ಗೆ ಆರು ಗಂಟೆಗೆ ಆ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಕೇಳುವ ಸದ್ದು ಸೂಜಿಪೆನ್ನಿನ 'ಟಕ್'. ಹೆಂಡತಿ ಕಣ್ಣು ಮುಚ್ಚಿಕೊಂಡೇ ಎಡಗೈ ಚಾಚುತ್ತಿದ್ದಳು. ಮೀಟರಪ್ಪ ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ, ಹನಿ ಮೂಡುವವರೆಗೆ ಮೆಲ್ಲಗೆ ಒತ್ತಿ, ಸಕ್ಕರೆ ಅಳೆಯುವ ಮೀಟರಿಗೆ ಸಿಕ್ಕಿಸಿದ ಪಟ್ಟಿಯ ತುದಿಯನ್ನು ಆ ಹನಿಗೆ ತಾಗಿಸುತ್ತಿದ್ದ. ಪಟ್ಟಿ ರಕ್ತವನ್ನು ಸರ್ರನೆ ಹೀರಿಕೊಳ್ಳುತ್ತಿತ್ತು. ಐದು, ನಾಲ್ಕು, ಮೂರು, ಎರಡು, ಒಂದು. ಆಮೇಲೆ ಅಂಕಿ. ಅಂಕಿ ನೋಡಿ, ಪುಸ್ತಕದಲ್ಲಿ ಬರೆದು, ಪೆನ್ನಿನ ಟೊಪ್ಪಿ ಹಾಕಿದ ಮೇಲೆಯೇ ಆ ಮನೆಯಲ್ಲಿ ಚಹಾಕ್ಕೆ ನೀರಿಡುವುದು.

ಮೀಟರಪ್ಪ ಎಂಬುದು ಓಣಿಯವರು ಇಟ್ಟ ಹೆಸರು. ಮೂವತ್ನಾಲ್ಕು ವರ್ಷ ವಿದ್ಯುತ್ ಇಲಾಖೆಯಲ್ಲಿ ಮನೆಮನೆ ತಿರುಗಿ ಮೀಟರ್ ಓದಿದವನಿಗೆ ಇನ್ನೇನು ಹೆಸರಿಟ್ಟಾರು? ಮೆಟ್ಟಿಲ ಕೆಳಗಿನ ಕತ್ತಲ ಗೂಡಿನಲ್ಲಿ, ಜೇಡರ ಬಲೆಯ ಹಿಂದೆ, ನಾಯಿ ಬೊಗಳುತ್ತಿರುವಾಗಲೂ ಅಂಕಿ ತಪ್ಪದೆ ಓದುತ್ತಿದ್ದ ಕಣ್ಣು ಅದು. ನಿವೃತ್ತನಾಗಿ ಆರು ವರ್ಷವಾದರೂ ಆ ಜಂಬ ಇಳಿದಿರಲಿಲ್ಲ. ಹೆಂಡತಿಗೆ ಸಕ್ಕರೆ ಕಾಯಿಲೆ ಜಾಸ್ತಿಯಾಗಿ ಇನ್ಸುಲಿನ್ ಶುರುವಾದಾಗ ಡಾಕ್ಟರು, "ದಿನಾ ಚೆಕ್ ಮಾಡಿ ಒಂದು ಕಡೆ ಬರೆದಿಡಿ" ಎಂದದ್ದೇ ತಡ, ಇವನು ಉದ್ದನೆಯ ಪುಸ್ತಕ ತಂದು, ಗೆರೆ ಎಳೆದು, ಕಚೇರಿಯಲ್ಲಿದ್ದಂತೆಯೇ ಮೂರು ಅಂಕಣ ಮಾಡಿದ. ದಿನಾಂಕ. ಅಂಕಿ. ಷರಾ.

ಷರಾ ಎಂದರೆ ಅಂಕಿ ಅಲ್ಲದ್ದು ಏನಿದ್ದರೂ ಬರೆಯುವ ಜಾಗ. ಕೆಲಸದಲ್ಲಿದ್ದಾಗ ಅಲ್ಲಿ 'ಬಾಗಿಲು ಹಾಕಿತ್ತು', 'ಮೀಟರ್ ನಿಂತಿದೆ', 'ಗಾಜು ಒಡೆದಿದೆ' ಎಂದು ಬರೆಯುತ್ತಿದ್ದ. ಈಗ ಹೆಂಡತಿಯ ವಿಷಯದಲ್ಲೂ ಬರೆದ. ಎಷ್ಟೆಂದರೂ ಅಭ್ಯಾಸ.

ಪುಸ್ತಕದ ಮೊದಲ ಪುಟದಲ್ಲಿ ಡಾಕ್ಟರೇ ತಮ್ಮ ಕೈಯಾರೆ ಬರೆದುಕೊಟ್ಟಿದ್ದರು. ಬೆಳಿಗ್ಗೆ ಖಾಲಿ ಹೊಟ್ಟೆಯ ಅಂಕಿ ನೂರ ಮೂವತ್ತು ದಾಟುತ್ತಿದ್ದರೆ ಮೂರು ದಿನಕ್ಕೊಮ್ಮೆ ರಾತ್ರಿಯ ಇನ್ಸುಲಿನ್ ಎರಡೆರಡು ಯೂನಿಟ್ ಏರಿಸುವುದು. ಎಂಬತ್ತಕ್ಕಿಂತ ಇಳಿದರೆ ಫೋನ್ ಮಾಡುವುದು. ಎರಡೇ ಸಾಲು. ಮೀಟರಪ್ಪನಿಗೆ ಇಂಥ ಮಾತು ಇಷ್ಟ. ಸುತ್ತಿ ಬಳಸಿ ಹೇಳುವವರನ್ನು ಕಂಡರೆ ಅವನಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ.

ಹಳೆಯ ಮೀಟರು ಎರಡು ವರ್ಷ ನಿಯತ್ತಾಗಿ ದುಡಿಯಿತು. ಆಮೇಲೆ ಅದರ ಪಟ್ಟಿ ಸಿಗುವುದು ನಿಂತಿತು. ಔಷಧಿ ಅಂಗಡಿಯವನು, "ಆ ಮಾಡೆಲ್ ಈಗ ಬರ್ತಿಲ್ಲ ಯಜಮಾನ್ರೇ" ಎಂದು ಕೈಚೆಲ್ಲಿದ. ನಾಲ್ಕು ಅಂಗಡಿ ಸುತ್ತಿ, ಚಪ್ಪಲಿ ಸವೆಸಿ, ಬರಿಗೈಯಲ್ಲಿ ಮನೆಗೆ ಬಂದ. ಮೂರು ವಾರ ಪರೀಕ್ಷೆಯೇ ಇರಲಿಲ್ಲ. ಆ ಮೂರು ವಾರ ಪುಸ್ತಕದ ಅಂಕಣ ಖಾಲಿ ಬಿದ್ದದ್ದು ಅವನಿಗೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ಕೊನೆಗೆ ಕೆಳಮನೆಯ ಹೊಲಿಗೆಯಮ್ಮ ದೇವರಂತೆ ಒದಗಿದಳು. ಅವಳ ತಮ್ಮ ಹಡಗಿನಲ್ಲಿ ಅಡುಗೆ ಮಾಡುವವನು. ರಜೆಗೆ ಬರುವಾಗ ಯಾವುದೋ ದೂರದ ಬಂದರಿನಿಂದ ಒಂದು ಹೊಸ ಮೀಟರು, ಅದರ ಜೊತೆ ಐವತ್ತೈವತ್ತರ ನಾಲ್ಕು ಡಬ್ಬಿ ಪಟ್ಟಿ ತಂದುಕೊಟ್ಟ.

ಮೀಟರೇನೋ ಚೆಂದವಾಗಿತ್ತು. ಬೆಳ್ಳಗೆ, ಅಂಗೈಯಲ್ಲಿ ಕೂರುವಷ್ಟು. ಆದರೆ ಒತ್ತಿದರೆ ಪರದೆಯ ಮೇಲೆ ಬರುತ್ತಿದ್ದ ಬರಹ ಯಾವ ಜನ್ಮದ್ದೋ, ಯಾರಿಗೂ ಓದಲಾಗದು. ಒಳಗಿನ ಕಾಗದವೂ ಅದೇ ಭಾಷೆಯಲ್ಲಿತ್ತು. ಮೀಟರಪ್ಪ ಹೆದರಲಿಲ್ಲ. ಎರಡು ದಿನ ಕೂತು, ಇಡೀ ಹಣ್ಣಿನ ಚಿತ್ರ ಎಂದರೆ ಊಟಕ್ಕೆ ಮುಂಚೆ, ಕಚ್ಚಿದ ಹಣ್ಣಿನ ಚಿತ್ರ ಎಂದರೆ ಊಟ ಆದಮೇಲೆ, ಹನಿಯ ಚಿತ್ರ ಮಿಣುಕಿದರೆ ರಕ್ತ ಇಡಬೇಕು ಎಂದು ತಾನೇ ಕಂಡುಹಿಡಿದ. ಗಡಿಯಾರವನ್ನೂ ಸರಿಮಾಡಿದ. ಉಳಿದ ಅಕ್ಷರಗಳ ಗೊಡವೆಗೆ ಹೋಗಲಿಲ್ಲ. ಅಂಕಿಯ ಕೆಳಗೆ ಬಲಮೂಲೆಯಲ್ಲಿ ಇರುವೆಗಾತ್ರದ ನಾಲ್ಕಾರು ಅಕ್ಷರ ಇದ್ದವು. ಅವೂ ಆ ಪರದೇಶಿ ಗುಂಪಿನವೇ ಇರಬೇಕೆಂದು ಬಿಟ್ಟುಬಿಟ್ಟ. ಅಂಕಿ ಅಂಕಿಯೇ ತಾನೆ, ಅದಕ್ಕೆ ಯಾವ ಭಾಷೆ?

ಮೊದಲ ದಿನ ಅಂಕಿ ಬಂತು. 11.4.

ಮಗಳು ಪಕ್ಕದಲ್ಲೇ ನಿಂತು ಜಡೆ ಹಾಕಿಕೊಳ್ಳುತ್ತಿದ್ದಳು. ಹಾಲಿನ ಡೇರಿಯಲ್ಲಿ ಪ್ಯಾಕಿಂಗ್ ಕೆಲಸ ಅವಳದು, ಏಳಕ್ಕೆ ಹೊರಡಬೇಕು.

"ಅಪ್ಪಾ, ಇದೇನು ಹನ್ನೊಂದು? ಮಧ್ಯ ಚುಕ್ಕೆ ಬೇರೆ ಇದೆ."

"ಹನ್ನೊಂದಿದ್ರೆ ನಿಮ್ಮಮ್ಮ ಮಾತಾಡ್ತಾ ಕೂತಿರ್ತಿದ್ಲಾ? ಇದು ಎಂಎಫ್ ಮೀಟರು ಕಣೆ."

"ಹಾಗಂದ್ರೆ?"

ಹಾಗಂದರೆ ಏನೆಂದು ಹೇಳಲು ಸಿಕ್ಕ ಅವಕಾಶವನ್ನು ಮೀಟರಪ್ಪ ಬಿಟ್ಟವನೇ ಅಲ್ಲ. ದೊಡ್ಡ ದೊಡ್ಡ ಕಾರ್ಖಾನೆಗಳಲ್ಲಿ ಹರಿಯುವ ಕರೆಂಟನ್ನು ಪೂರ್ತಿ ಮೀಟರಿನೊಳಗೆ ಬಿಡುವುದಿಲ್ಲ. ಸ್ವಲ್ಪ ಪಾಲನ್ನು ಮಾತ್ರ ಬಿಡುತ್ತಾರೆ. ಹಾಗಾಗಿ ಮೀಟರು ಚಿಕ್ಕ ಅಂಕಿ ತೋರಿಸುತ್ತದೆ. ಅದನ್ನು ಒಂದು ಗುಣಕದಿಂದ ಗುಣಿಸಿದರೆ ನಿಜವಾದ ಅಂಕಿ. ಆ ಗುಣಕಕ್ಕೇ ಕಚೇರಿಯಲ್ಲಿ ಎಂಎಫ್ ಎನ್ನುವುದು. "ಇದರದ್ದು ಹತ್ತು. ಹನ್ನೊಂದು ಪಾಯಿಂಟ್ ನಾಲ್ಕು, ಹತ್ತರಿಂದ ಗುಣಿಸು. ನೂರ ಹದಿನಾಲ್ಕು. ಮೊದಲು ನೂರಿಪ್ಪತ್ತೆಂಟು, ನೂರ ಮೂವತ್ತಾರು ಬರ್ತಿರಲಿಲ್ವಾ? ತಾಳೆ ಆಯ್ತಲ್ಲ."

"ಹತ್ತು ಅಂತ ಎಲ್ಲಿ ಬರೆದಿದೆ?"

"ಮೂವತ್ನಾಲ್ಕು ವರ್ಷ ಓದಿದೀನಿ, ನಂಗೆ ಹೇಳಿಕೊಡ್ಬೇಡ. ಬಸ್ ತಪ್ಪುತ್ತೆ, ಹೊರಡು."

ಮಗಳು ಹೊರಟಳು. ಮೀಟರಪ್ಪ 'ಅಂಕಿ' ಅಂಕಣದಲ್ಲಿ 114 ಎಂದು ದುಂಡಗೆ ಬರೆದ. ಷರಾದಲ್ಲಿ 'ಹೊಸ ಮೀಟರು' ಎಂದು ಬರೆದ. ಹೆಂಡತಿಯ ಸಕ್ಕರೆ ಹತೋಟಿಯಲ್ಲಿದೆ ಎಂದು ಅವನ ಎದೆ ಹಗುರವಾಯಿತು. ಪಾಪ, ಅದೊಂದನ್ನೇ ಅವನು ಮೂರು ವಾರದಿಂದ ಕಾಯುತ್ತಿದ್ದ.

ಅದೇ ವಾರ ಹೆಂಡತಿಯ ಬಲಗಾಲಿನ ಎರಡನೇ ಬೆರಳಲ್ಲಿ ಹುಣ್ಣು ಕಂಡಿತು. ಹೊಸ ಚಪ್ಪಲಿ ಕಚ್ಚಿ ಗುಳ್ಳೆಯಾಗಿತ್ತು. ಪಾದದ ಸ್ಪರ್ಶ ಅವಳಿಗೆ ಎಂದೋ ಮಂದವಾಗಿತ್ತಾದ್ದರಿಂದ ಗುಳ್ಳೆ ಒಡೆದು ನೆಲದಲ್ಲಿ ಕಲೆ ಕಂಡ ಮೇಲೆಯೇ ಗೊತ್ತಾದದ್ದು. ಮೂರು ಬೀದಿ ಆಚೆಯ ಕ್ಲಿನಿಕ್ಕಿನಲ್ಲಿ ವಾರಕ್ಕೆ ಮೂರು ಸಲ ಪಟ್ಟಿ ಕಟ್ಟಿಸಬೇಕಾಯಿತು. ಮೂರು ಬೀದಿ ಎಂದರೆ ಮೊದಲು ಅವರಿಗೆ ಏನೂ ಅಲ್ಲ. ಈಗ ಮಹಡಿ ಇಳಿಯುವುದಕ್ಕೇ ಹತ್ತು ನಿಮಿಷ. ಅವಳು ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಗಂಡನ ಹೆಗಲು ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವಳು. ಮೂಲೆಯ ಕಬ್ಬಿಣದಂಗಡಿಯ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಳ್ಳುವಳು. ಕ್ಲಿನಿಕ್ಕಿನಲ್ಲಿ ಸರದಿ. ಮತ್ತೆ ವಾಪಸು. ಮನೆ ಮುಟ್ಟುವಷ್ಟರಲ್ಲಿ ಇಬ್ಬರಿಗೂ ಉಸ್ಸಪ್ಪಾ ಎನಿಸುತ್ತಿತ್ತು. ಅಡುಗೆ, ಪಾತ್ರೆ, ಬಟ್ಟೆ ಎಲ್ಲ ಮೀಟರಪ್ಪನ ತಲೆಗೆ ಬಂದಿತ್ತು. ಮಗಳು ಸಂಜೆ ಬಂದು ಕೈಜೋಡಿಸಿದರೂ ಹಗಲು ಉದ್ದವಾಗಿತ್ತು.

"ರೀ, ನಾಲಿಗೆ ಒಣಗ್ತಿದೆ. ಇನ್ನೊಂದು ಚೊಂಬು ನೀರು ಕೊಡಿ."

"ಈಗ ತಾನೆ ಕುಡಿದ್ಯಲ್ಲ."

"ಸಾಕಾಗಲ್ಲ. ಕುಡಿದಷ್ಟೂ ಬಚ್ಚಲಿಗೆ ಓಡಿಸುತ್ತೆ. ಸಕ್ಕರೆ ಜಾಸ್ತಿಯಾಗಿರ್ಬೇಕು ರೀ, ಮೊದಲ ಸಲ ಜಾಸ್ತಿಯಾದಾಗ ಹೀಗೇ ಆಗ್ತಿತ್ತು."

ಮೀಟರಪ್ಪ ಪುಸ್ತಕ ತೆಗೆದು ಅವಳ ಮುಖದ ಮುಂದೆ ಹಿಡಿದ. "ನೋಡು. ನೂರ ಹದಿನಾಲ್ಕು. ನೂರಿಪ್ಪತ್ತೊಂದು. ನೂರ ಹದಿನೆಂಟು. ಎಲ್ಲಿ ಜಾಸ್ತಿ? ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದೀಯ ಅಷ್ಟೆ."

"ಅಂಕಿ ಏನಾದ್ರೂ ಹೇಳ್ಲಿ, ನಾಲಿಗೆ ನಂದಲ್ವಾ?"

ಮೀಟರಪ್ಪ ನೀರು ತಂದುಕೊಟ್ಟ. ಷರಾದಲ್ಲಿ, 'ಬಾಯಾರಿಕೆ ಎಂದಳು. ಅಂಕಿ ಸರಿ ಇದೆ' ಎಂದು ಬರೆದ. ಮರುದಿನ, 'ಸುಸ್ತು ಎಂದಳು. ಅಂಕಿ ಸರಿ ಇದೆ.' ಇನ್ನೊಂದು ದಿನ, 'ಕಣ್ಣು ಮಂಜು ಎಂದಳು.' ಅಷ್ಟು ಹೊತ್ತಿಗೆ 'ಅಂಕಿ ಸರಿ ಇದೆ' ಎಂದು ಬರೆಯುವುದಕ್ಕೂ ಅವನಿಗೆ ಬೇಸರ ಬಂದಿತ್ತು. ಒಂದೆರಡು ಕಡೆ ಬರೀ 'ಗೊಣಗಾಟ' ಎಂದು ಬರೆದು ಮುಗಿಸಿದ. ಮನುಷ್ಯನಿಗೆ ದಣಿವಾದಾಗ ಕಿವಿಯೇ ಮೊದಲು ಮುಚ್ಚಿಕೊಳ್ಳುತ್ತದೆಯೋ ಏನೋ.

ಒಂದು ಮಧ್ಯಾಹ್ನವಂತೂ ನಗಬೇಕೋ ಅಳಬೇಕೋ ತಿಳಿಯದಂಥ ಕೆಲಸ ಮಾಡಿದ. ಬೆಳಿಗ್ಗೆ ಅವಳಿಗೆ ವಾಕರಿಕೆ ಬಂದು ಏನೂ ತಿಂದಿರಲಿಲ್ಲ. ತಲೆ ಸುತ್ತುತ್ತಿದೆ ಎಂದಳು. ಚುಚ್ಚಿ ನೋಡಿದರೆ 7.6. ಎಪ್ಪತ್ತಾರು! ಎಂಬತ್ತಕ್ಕಿಂತ ಕೆಳಗೆ. ಮೀಟರಪ್ಪ ಡಾಕ್ಟರಿಗೆ ಫೋನ್ ಮಾಡಿದ, ಅವರು ಎತ್ತಲಿಲ್ಲ. ಮೂರು ಚಮಚ ಸಕ್ಕರೆ ಕದಡಿ ಕುಡಿಸಿದ. ಆಮೇಲೆ ಡಾಕ್ಟರು ತಾವಾಗಿಯೇ ಫೋನ್ ಮಾಡಿ, "ಬೆಳಗಿನ ಅಂಕಿ ಎಷ್ಟಿರುತ್ತೆ?" ಎಂದರು. "ನೂರಿಪ್ಪತ್ತರ ಸುತ್ತಮುತ್ತ ಸರ್." "ಹಾಗಾದ್ರೆ ಇನ್ಸುಲಿನ್ ಏರಿಸ್ಬೇಡಿ, ಹನ್ನೆರಡು ಯೂನಿಟ್ಟೇ ಇರ್ಲಿ. ಮೂರು ತಿಂಗಳ ಸರಾಸರಿ ತೋರಿಸೋ ರಕ್ತಪರೀಕ್ಷೆ ಒಂದು ಮಾಡಿಸಿಬಿಡಿ." "ಆಗ್ಲಿ ಸರ್" ಎಂದ ಮೀಟರಪ್ಪ. ಆದರೆ ಮಾಡಿಸಲಿಲ್ಲ. ಪ್ರಯೋಗಾಲಯ ಇರುವುದು ಊರಿನ ಆ ತುದಿಯಲ್ಲಿ. ಅವಳನ್ನು ಅಷ್ಟು ದೂರ ಎಳೆದುಕೊಂಡು ಹೋಗುವ ಕಸುವು ಇಬ್ಬರಲ್ಲೂ ಇರಲಿಲ್ಲ. ದಿನಾ ಮನೆಯಲ್ಲೇ ಅಂಕಿ ಸಿಗುತ್ತಿರುವಾಗ ಅಲ್ಲಿಗೇಕೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಹುಣ್ಣು ಮಾತ್ರ ಮಾತು ಕೇಳಲಿಲ್ಲ. ಹತ್ತು ವಾರ ದಾಟಿತು. ಪಟ್ಟಿ ಕಟ್ಟುವ ಸಿಸ್ಟರು ದಪ್ಪ ಕನ್ನಡಕದ, ಕಮ್ಮಿ ಮಾತಿನ ಹೆಂಗಸು. ಮೊದಮೊದಲು ಪುಸ್ತಕ ನೋಡಿ, "ಸಕ್ಕರೆ ಚೆನ್ನಾಗಿಟ್ಟಿದೀರಲ್ಲ, ಒಣಗುತ್ತೆ ಬಿಡಿ" ಎನ್ನುತ್ತಿದ್ದಳು. ಆಮೇಲಾಮೇಲೆ ಅನ್ನುವುದನ್ನು ಬಿಟ್ಟಳು. ಬೆರಳ ತುದಿ ಊದಿ ಕಪ್ಪಗಾಗುತ್ತಿತ್ತು. ಹೀಗೇ ಆದರೆ ಬೆರಳು ಉಳಿಯುವುದು ಕಷ್ಟ ಎಂದು ಒಂದು ದಿನ ಡಾಕ್ಟರು ಬಾಗಿಲಲ್ಲಿ ನಿಂತು ಹೇಳಿಹೋದರು. ಆ ದಿನ ವಾಪಸು ಬರುವಾಗ ಕಬ್ಬಿಣದಂಗಡಿಯ ಕಟ್ಟೆಯ ಮೇಲೆ ಕೂತವಳು ತುಂಬಾ ಹೊತ್ತು ಏಳಲೇ ಇಲ್ಲ.

"ಬೆರಳು ತೆಗೆದ್ರೆ ನಡೆಯೋಕಾಗುತ್ತಾ ರೀ?"

"ಯಾರೂ ತೆಗೆಯಲ್ಲ. ನಾನು ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ಕೋತಿಲ್ವಾ?"

"ನೋಡ್ಕೋತಿದೀರಿ" ಎಂದಳು ಅವಳು. ಅದರಲ್ಲಿ ಕುಹಕ ಇರಲಿಲ್ಲ. ಅದಕ್ಕೇ ಆ ಮಾತು ಅವನನ್ನು ದಾರಿಯುದ್ದಕ್ಕೂ ಚುಚ್ಚಿತು.

ಎರಡು ದಿನ ಬಿಟ್ಟು ಮತ್ತೆ ಹೋದಾಗ ಸಿಸ್ಟರು ಹಳೆಯ ಪಟ್ಟಿ ಬಿಚ್ಚಿದಳು, ಬಗ್ಗಿ ಮೂಸಿದಳು, ನೆಟ್ಟಗೆ ನಿಂತು ಕನ್ನಡಕ ಏರಿಸಿಕೊಂಡಳು.

"ಅಮ್ಮಾ, ನೀರು ಜಾಸ್ತಿ ಕುಡೀತೀರಾ?"

"ಕುಡಿದು ಕುಡಿದು ಸಾಕಾಗಿದೆ ಸಿಸ್ಟರ್."

"ರಾತ್ರಿ ಎಷ್ಟು ಸಲ ಏಳ್ತೀರಿ?"

"ನಾಲ್ಕು, ಐದು."

ಸಿಸ್ಟರು ಇನ್ನೇನೂ ಕೇಳಲಿಲ್ಲ. ಮೇಜಿನ ಖಾನೆಯಿಂದ ಕ್ಲಿನಿಕ್ಕಿನ ಮೀಟರು ತೆಗೆದು ಕೈಬೆರಳು ಒರೆಸಿ ಚುಚ್ಚಿದಳು. ಮೀಟರಪ್ಪ, "ಬೆಳಿಗ್ಗೆ ನೋಡಾಗಿದೆ, ನೂರ ಮೂವತ್ತೆರಡು" ಎನ್ನುತ್ತಿದ್ದಂತೆಯೇ ಅಂಕಿ ಬಂತು. 274.

"ಮೀಟರ್ ಸರಿಯಿಲ್ಲ ನಿಮ್ಮದು" ಎಂದ ಮೀಟರಪ್ಪ. ಕೋಪ ಅವನ ಮೂಗಿನ ತುದಿಯಲ್ಲೇ ಇತ್ತು. "ತಿಂಡಿ ತಿಂದಿದಾಳೆ ಒಪ್ಪಿದೆ. ಆದ್ರೂ ಇಷ್ಟು ಏರುತ್ತಾ? ಎಷ್ಟು ಜನ ಕೈಯಾಡಿಸ್ತಾರೋ ಇದಕ್ಕೆ. ನನ್ನ ಮೀಟರ್ ಇಲ್ಲೇ ಇದೆ, ನೋಡಿ." ಪುಸ್ತಕದ ಜೊತೆ ಅದೂ ಸದಾ ಚೀಲದಲ್ಲಿ ಇರುತ್ತಿತ್ತು. ಅದೇ ಬೆರಳಿನ ಇನ್ನೊಂದು ಹನಿಗೆ ಪಟ್ಟಿ ತಾಗಿಸಿದ. ಐದು, ನಾಲ್ಕು, ಮೂರು, ಎರಡು, ಒಂದು. 14.9.

"ನೂರ ನಲವತ್ತೊಂಬತ್ತು" ಎಂದು ಗೆದ್ದವನಂತೆ ಮೀಟರನ್ನು ಅವಳ ಕೈಗಿತ್ತ.

ಸಿಸ್ಟರು ಅಂಕಿಯನ್ನು ನೋಡಿದಳು. ಆಮೇಲೆ ಅಂಕಿಯ ಕೆಳಗಿನ ಮೂಲೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಆಮೇಲೆ ಪುಸ್ತಕ ತೆಗೆದುಕೊಂಡು ಹಾಳೆ ತಿರುವಿದಳು. ತಿರುವುತ್ತಾ ತಿರುವುತ್ತಾ ಅವಳ ಮುಖ ಸಪ್ಪಗಾಯಿತು.

"ಯಜಮಾನ್ರೇ, ಈ ಪುಸ್ತಕದಲ್ಲಿರೋದೆಲ್ಲ ಈ ಮೀಟರಿಂದಾನಾ?"

"ಎಪ್ಪತ್ನಾಲ್ಕು ದಿನದಿಂದ."

"ಚುಕ್ಕೆ ತೆಗೆದು ಬರೆದಿದೀರಾ?"

"ತೆಗೆದಿಲ್ಲ, ಹತ್ತರಿಂದ ಗುಣಿಸಿದೀನಿ."

"ಹತ್ತು ಅಂತ ಯಾರು ಹೇಳಿದ್ರು?"

ಸಿಸ್ಟರು ಎರಡೂ ಮೀಟರನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಳು. "ಇಲ್ಲಿ ನೋಡಿ, ಈ ಚಿಕ್ಕ ಅಕ್ಷರ. ನಮ್ಮದರಲ್ಲಿ ಎಂಜಿ, ಗೆರೆ, ಡಿಎಲ್ ಅಂತಿದೆ. ಅಂದ್ರೆ ಇಷ್ಟು ರಕ್ತದಲ್ಲಿ ಇಷ್ಟು ಮಿಲಿಗ್ರಾಂ ಸಕ್ಕರೆ ಅಂತ, ತೂಕದ ಲೆಕ್ಕ. ನಿಮ್ಮದರಲ್ಲಿ ಎಂಎಂಒಎಲ್, ಗೆರೆ, ಎಲ್. ಮಿಲಿಮೋಲ್. ಅದು ಬೇರೆ ಅಳತೆ. ಕೆಲವು ದೇಶದಲ್ಲಿ ಅದನ್ನೇ ಬಳಸ್ತಾರೆ. ಅದನ್ನ ನಮ್ಮ ಲೆಕ್ಕಕ್ಕೆ ತರೋಕೆ ಹದಿನೆಂಟರಿಂದ ಗುಣಿಸ್ಬೇಕು. ಹತ್ತರಿಂದ ಅಲ್ಲ."

ಮೀಟರಪ್ಪನಿಗೆ ಗುಣಾಕಾರಕ್ಕೆ ಕಾಗದ ಬೇಕಿರಲಿಲ್ಲ. ಹದಿನೈದು ಹದಿನೆಂಟಲೆ ಇನ್ನೂರ ಎಪ್ಪತ್ತು. ಅದರಲ್ಲಿ ಒಂದು ಪಾಯಿಂಟ್ ಎಂಟು ಕಳೆದರೆ ಇನ್ನೂರ ಅರವತ್ತೆಂಟು. ಪಕ್ಕದ ಮೀಟರಿನಲ್ಲಿ ಇನ್ನೂರ ಎಪ್ಪತ್ನಾಲ್ಕು ಇನ್ನೂ ಆರಿರಲಿಲ್ಲ. ಎರಡು ಮೀಟರುಗಳ ನಡುವೆ ಅಷ್ಟು ವ್ಯತ್ಯಾಸ ಇದ್ದೇ ಇರುತ್ತದೆ.

"ಮೀಟರ್ ಕೆಟ್ಟಿಲ್ಲ, ಸರಿಯಾಗೇ ಇದೆ" ಎಂದಳು ಸಿಸ್ಟರು. ಸಮಾಧಾನಕ್ಕೆಂದು ಹೇಳಿದ ಮಾತು. ಅದಕ್ಕಿಂತ ದೊಡ್ಡ ಏಟು ಇನ್ನೊಂದಿರಲಿಲ್ಲ.

ಯಾಕೆಂದರೆ ಮೀಟರಪ್ಪನಿಗೆ ಆ ಕ್ಷಣ ನೆನಪಾದದ್ದು ಒಂದು ಮಂಜುಗಡ್ಡೆ ಕಾರ್ಖಾನೆ. ಹೊಸದಾಗಿ ಕೆಲಸಕ್ಕೆ ಸೇರಿದ್ದವನೊಬ್ಬ ಅಲ್ಲಿನ ಮೀಟರಿನ ಗುಣಕ ಇಪ್ಪತ್ತಿದ್ದದ್ದನ್ನು ಹತ್ತು ಎಂದು ತಿಳಿದು ಆರು ತಿಂಗಳು ತಪ್ಪು ಬರೆದಿದ್ದ. ಯಾಕಯ್ಯಾ ಹತ್ತು ಅಂದ್ಕೊಂಡೆ ಎಂದರೆ, ಹಿಂದಿನ ತಿಂಗಳ ಅಂಕಿಗೆ ತಾಳೆ ಆಗ್ತಿತ್ತು ಸರ್ ಎಂದಿದ್ದ. ಮೀಟರಪ್ಪ ಇಡೀ ಕಚೇರಿ ಕೇಳುವಂತೆ ಅವನ ನೀರಿಳಿಸಿದ್ದ. "ಗುಣಕ ಮೀಟರಿನ ಫಲಕದ ಮೇಲೆ ಬರೆದಿರುತ್ತೆ. ಓದಿ ಗುಣಿಸ್ಬೇಕು. ಊಹೆ ಮಾಡಿ ಗುಣಿಸೋದಾದ್ರೆ ಮನೇಲೇ ಕೂತು ಬರಿ, ಇಲ್ಲಿಗ್ಯಾಕೆ ಬರ್ತೀಯ?" ಆ ಮಾತು ಆಮೇಲೆ ವರ್ಷಗಟ್ಟಲೆ ಕಚೇರಿಯಲ್ಲಿ ಓಡಾಡಿತ್ತು. ಇವನಿಗೂ ಅದರ ಬಗ್ಗೆ ಹೆಮ್ಮೆಯೇ ಇತ್ತು.

ಹೆಂಡತಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಕೂಗಾಡಬಹುದಿತ್ತು. ಕೂಗಾಡಿದ್ದರೆ ಅವನಿಗೆ ಒಳ್ಳೆಯದಾಗುತ್ತಿತ್ತು. ಅವಳು, "ನೀರು ಇದ್ರೆ ಸ್ವಲ್ಪ ಕೊಡಿ" ಎಂದಳು ಅಷ್ಟೆ.

ಡಾಕ್ಟರು ಬಂದು ಬೈಯಲಿಲ್ಲ. ಅವರಿಗೂ ಮುಖ ಸಣ್ಣದಾಗಿತ್ತು. "ನಾನೂ ಮೀಟರ್ ತರಿಸಿ ನೋಡ್ಬೇಕಿತ್ತು. ಪುಸ್ತಕ ಅಷ್ಟು ನೀಟಾಗಿತ್ತು, ನಂಬಿಬಿಟ್ಟೆ" ಎಂದರು. ಇನ್ಸುಲಿನ್ ಬದಲಾಯಿತು, ಔಷಧಿ ಬದಲಾಯಿತು, ಬೆರಳಿನ ಎಕ್ಸ್-ರೇ ಆಯಿತು. ತುದಿಯ ಮೂಳೆಗೆ ಸೋಂಕು ಇಳಿದಿದೆ ಎಂದರು. ಸಕ್ಕರೆ ಇಳಿಸಿಕೊಂಡು ಹತ್ತು ದಿನ ನೋಡೋಣ, ಆಗದಿದ್ದರೆ ಬೆರಳಿನ ಮುಂದಿನ ಅರ್ಧ ತೆಗೆಯಬೇಕಾಗುತ್ತದೆ ಎಂದರು. ಆಮೇಲೆ ಪುಸ್ತಕ ವಾಪಸು ಕೊಡುತ್ತಾ ಒಂದು ಮಾತು ಹೇಳಿದರು. "ಅಂಕಿ ಕಾಲಮ್ ನಂಬಿ ಕೆಟ್ವಿ. ಈ ಷರಾ ಕಾಲಮ್ ಓದಿದ್ರೆ ಎರಡನೇ ವಾರದಲ್ಲೇ ಗೊತ್ತಾಗ್ತಿತ್ತು. ಎಲ್ಲ ಇಲ್ಲೇ ಇದೆ. ಅಮ್ಮನೇ ಹೇಳಿದಾರೆ, ನೀವೇ ಬರೆದಿದೀರಿ."

ಆ ಸಂಜೆ ಮೀಟರಪ್ಪ ಕೆಂಪು ಪೆನ್ನು ಹಿಡಿದು ಕೂತ. ಅವನಿಗೆ ಗೊತ್ತಿದ್ದ ಪ್ರಾಯಶ್ಚಿತ್ತ ಅದೊಂದೇ. ಎಪ್ಪತ್ನಾಲ್ಕು ದಿನದ ಅಂಕಿಯ ಪಕ್ಕ ಸರಿಯಾದ ಅಂಕಿ ಬರೆಯತೊಡಗಿದ. 114ರ ಪಕ್ಕ 205. 121ರ ಪಕ್ಕ 218. ಮೊದಲ ಹದಿನೈದು ದಿನದಲ್ಲೇ ಹತ್ತು ಯೂನಿಟ್ ಏರಬೇಕಿದ್ದ ಇನ್ಸುಲಿನ್ ಹನ್ನೆರಡರಲ್ಲೇ ನಿಂತಿತ್ತು. ಸಕ್ಕರೆ ನೀರು ಕುಡಿಸಿದ ದಿನದ 76ರ ಪಕ್ಕ 137. ಡೇರಿಯಿಂದ ಬಂದ ಮಗಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಸುಮ್ಮನೆ ನಿಂತು ನೋಡಿದಳು. ಹತ್ತು ಅಂತ ಎಲ್ಲಿ ಬರೆದಿದೆ ಎಂದು ತಾನು ಕೇಳಿದ್ದೆನೆಂದು ಅವಳು ನೆನಪಿಸಲಿಲ್ಲ. ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು.

"ಗಟ್ಟಿಯಾಗಿ ಓದಿ" ಎಂದಳು ಹೆಂಡತಿ ಮಲಗಿದಲ್ಲಿಂದ.

"ಯಾಕೆ?"

"ನಂಗೂ ಗೊತ್ತಾಗ್ಲಿ."

ಓದಿದ. ತಾರೀಖು, ಹಳೆಯ ಅಂಕಿ, ಹೊಸ ಅಂಕಿ. ಅವಳು, "ಷರಾನೂ ಓದಿ" ಎಂದಳು. ಅದನ್ನೂ ಓದಬೇಕಾಯಿತು. ಬಾಯಾರಿಕೆ ಎಂದಳು. ಸುಸ್ತು ಎಂದಳು. ಕಣ್ಣು ಮಂಜು ಎಂದಳು. 148ರ ದಿನ ಬಂತು. ಅದರ ಪಕ್ಕ 266 ಎಂದು ಬರೆದ. ಷರಾ ಓದಲು ಬಾಯಿ ತೆರೆದವನು ನಿಲ್ಲಿಸಿದ. ಅದು ನೂರ ಮೂವತ್ತು ದಾಟಿದ ಮೊದಲ ದಿನ. ತನ್ನ ಲೆಕ್ಕದಲ್ಲೇ ದಾಟಿತ್ತು. ಆದರೂ ಒಂದೇ ದಿನ ತಾನೆ ಎಂದು ಬಿಟ್ಟಿದ್ದ.

"ಏನು ಬರೆದಿದೀರಿ?"

"ಗೊಣಗಾಟ."

ಹೆಂಡತಿ ಮೂಗಿನಲ್ಲೇ ನಕ್ಕಳು. "ಗೊಣಗಾಟ ಅನ್ನೋದಕ್ಕೆ ಎಷ್ಟರಿಂದ ಗುಣಿಸ್ಬೇಕಿತ್ತು ರೀ?"

ಮೀಟರಪ್ಪ ಪೆನ್ನು ಕೆಳಗಿಟ್ಟ. ಮೂವತ್ನಾಲ್ಕು ವರ್ಷ ಒಂದು ದಿನವೂ ಕೆಲಸದಲ್ಲಿ ಅತ್ತವನಲ್ಲ ಅವನು. ಈಗ ಪುಸ್ತಕದ ಮೇಲೆ ಬಗ್ಗಿ ಅತ್ತ. ಕೆಂಪು ಶಾಯಿ ಎರಡು ಕಡೆ ಕದಡಿತು. "ತಪ್ಪಾಯ್ತು ಕಣೆ" ಎಂದ. ಅವಳು ಪರವಾಗಿಲ್ಲ ಎಂದು ಹೇಳಲಿಲ್ಲ. ಪರವಾಗಿರಲಿಲ್ಲ, ಅದಕ್ಕೆ.

ಹತ್ತು ದಿನ ಕಳೆಯಿತು. ಸಕ್ಕರೆ ಇಳಿಯಿತು, ಊತ ಇಳಿಯಿತು, ಆದರೆ ಮೂಳೆ ಉಳಿಯಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಬೆರಳಿನ ಮುಂದಿನ ಅರ್ಧ ತೆಗೆದರು. ಆಚೀಚೆಯ ಬೆರಳಿಗೆ ಹರಡಿಲ್ಲ, ಬೇಗ ಗೊತ್ತಾದದ್ದು ಒಳ್ಳೆಯದಾಯಿತು ಎಂದರು ಅಲ್ಲಿನವರು. ಬೇಗ ಎಂಬ ಮಾತು ಕೇಳಿ ಮೀಟರಪ್ಪ ಗೋಡೆ ನೋಡಿದ. ಅವಳು ನಾಲ್ಕನೇ ದಿನ ಮನೆಗೆ ಬಂದಳು. ಅದೇ ಮೆಟ್ಟಿಲು, ಅದೇ ಕಂಬಿ, ಅದೇ ಹೆಗಲು. ನಡುವೆ ನಿಂತು, "ಅರ್ಧ ಬೆರಳು ಹಗುರ ಆಗಿದೀನಿ, ಆದ್ರೂ ಮೆಟ್ಟಿಲು ಕಮ್ಮಿ ಆಗಿಲ್ಲ ನೋಡಿ" ಎಂದಳು. ಮಗಳು ಕಿಸಕ್ಕನೆ ನಕ್ಕಳು. ಅವನಿಗೆ ನಗು ಬರಲಿಲ್ಲ.

ಹೊಸ ಮೀಟರು ತರೋಣ ಎಂದಳು ಮಗಳು. ಸಿಸ್ಟರು, "ತಂದ್ರೆ ಒಳ್ಳೇದೇ. ಅಲ್ಲೀವರೆಗೆ ಇದನ್ನೇ ಬಳಸಿ, ತಪ್ಪಿಲ್ಲ. ಇದರಲ್ಲಿ ಅಳತೆ ಬದಲಾಯಿಸೋಕೆ ಬರಲ್ಲ, ಕಂಪನಿಯಲ್ಲೇ ಹಾಗೆ ಮಾಡಿ ಕಳಿಸ್ತಾರೆ. ಚುಕ್ಕೆ ಸಮೇತ ಇದ್ದದ್ದು ಇದ್ದ ಹಾಗೆ ಬರೀರಿ, ಪಕ್ಕದಲ್ಲಿ ಗುಣಿಸಿದ್ದು ಬರೀರಿ. ಎರಡಕ್ಕೂ ಅಳತೆಯ ಹೆಸರು ಹಾಕಿ" ಎಂದಿದ್ದಳು. ಮೀಟರಪ್ಪ ದಪ್ಪ ಕಾಗದ ಕತ್ತರಿಸಿ, ಮೀಟರಿನ ಬೆನ್ನಿಗೆ ಅಂಟಿಸಿ, ಕಾರ್ಖಾನೆಯ ಫಲಕದಂತೆ ಬರೆದ: ಅಳತೆ ಮಿಲಿಮೋಲ್, ಗುಣಕ 18. ನೀರು ಬಿದ್ದರೂ ಹೋಗದಂತೆ ಅದರ ಮೇಲೆ ಪಾರದರ್ಶಕ ಟೇಪು ಹಚ್ಚಿದ. ಹೊಲಿಗೆಯಮ್ಮನ ತಮ್ಮ ಮತ್ತೆ ರಜೆಗೆ ಬಂದಾಗ ಅದನ್ನು ನೋಡಿ, "ಇದೇನಣ್ಣ ಮೀಟರಿಗೆ ಜಾತಕ ಬರೆದಿದೀರಾ?" ಎಂದ. ಅವನಿಗೇನು ಗೊತ್ತು, ಯಾರೂ ಹೇಳಲಿಲ್ಲ.

ಪುಸ್ತಕ ಮುಗಿದಿತ್ತು. ಹೊಸದು ತಂದು ಗೆರೆ ಎಳೆಯಲು ಕೂತ ಮೀಟರಪ್ಪ ಅಳತೆಪಟ್ಟಿ ಹಿಡಿದುಕೊಂಡು ಬಹಳ ಹೊತ್ತು ಯೋಚಿಸಿದ. ದಿನಾಂಕದ ಪಕ್ಕದಲ್ಲೇ ಷರಾ ಹಾಕಿದ. ಅದಕ್ಕೆ ಅರ್ಧ ಹಾಳೆ ಜಾಗ ಕೊಟ್ಟ. ಅಂಕಿಗಳು ಬಲಗಡೆ ಅಂಚಿಗೆ ಹೋದವು.

ಮರುದಿನ ಬೆಳಿಗ್ಗೆ ಆರು ಗಂಟೆ. ಹೆಂಡತಿ ಎಂದಿನಂತೆ ಕಣ್ಣು ಮುಚ್ಚಿಕೊಂಡೇ ಎಡಗೈ ಚಾಚಿದಳು. ಚುಚ್ಚುವ ಸದ್ದು ಬರಲಿಲ್ಲ. ಸ್ವಲ್ಪ ಕಾದು, ಒಂದು ಕಣ್ಣು ತೆರೆದು ನೋಡಿದಳು. ಮೀಟರು ಮೇಜಿನ ಮೇಲಿತ್ತು, ಇನ್ನೂ ಪಟ್ಟಿ ಹಾಕಿರಲಿಲ್ಲ. ಗಂಡ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಪೆನ್ನಿನ ಟೊಪ್ಪಿ ತೆಗೆದು ಕೂತಿದ್ದ.

"ಏನ್ರೀ, ಚುಚ್ಚಲ್ವಾ?"

"ಚುಚ್ತೀನಿ. ಮೊದಲು ನೀನು ಹೇಳು, ಹೇಗಿದೀಯ?"

ಅವಳು ಇನ್ನೊಂದು ಕಣ್ಣನ್ನೂ ತೆರೆದಳು. ಹೇಳುವುದು ಬೇಕಾದಷ್ಟಿತ್ತು. ಕಾಲಿನಿಂದ ಶುರುಮಾಡಿದಳು. ಅವನು ಬರೆದುಕೊಳ್ಳತೊಡಗಿದ.